ಹಸುವಿಗೆ ಟೇಪು, ಮೇಕೆಗೆ ತಕ್ಕಡಿ: ಔಷಧದ ಲೆಕ್ಕಕ್ಕೆ ತೂಕ ತಿಳಿಯುವ ದಾರಿಗಳ ಹೋಲಿಕೆ

ಮಂಡ್ಯ, ಮೈಸೂರು ಕಡೆಯ ಕೊಟ್ಟಿಗೆಗಳಲ್ಲಿ ಡೇರಿಗೆ ಹಾಲು ಹಾಕುವ ಎಚ್‌ಎಫ್ ಮಿಶ್ರತಳಿ ಹಸು, ಗೇಯಲು ಹಳ್ಳಿಕಾರ್ ಎತ್ತು, ಜೊತೆಗೆ ಐದಾರು ಮೇಕೆ ಇರುವುದು ಸಾಮಾನ್ಯ. ಜಂತಿನ ಔಷಧ ಕೊಡುವ ದಿನ ಬಂದಾಗ ಈ ಮೂರರ ತೂಕವೂ ಬೇಕಾಗುತ್ತದೆ. ಆದರೆ ಒಂದೇ ವಿಧಾನ ಮೂರಕ್ಕೂ ಹೊಂದುವುದಿಲ್ಲ. ತೂಕ ತಿಳಿಯಲು ನಾಲ್ಕು ದಾರಿಗಳಿವೆ. ಕಣ್ಣಳತೆಯಲ್ಲಿ ಅಂದಾಜಿಸುವುದು ಒಂದು. ಕೆಜಿಯನ್ನೇ ಅಚ್ಚು ಹಾಕಿರುವ ತೂಕದ ಟೇಪು ಇನ್ನೊಂದು. ದರ್ಜಿ ಟೇಪಿನಲ್ಲಿ ಎದೆಸುತ್ತಳತೆ ಮತ್ತು ಉದ್ದ ಎರಡನ್ನೂ ತೆಗೆದು ಸೂತ್ರ ಹಾಕುವುದು ಮೂರನೆಯದು. ನಿಜವಾದ ತಕ್ಕಡಿ ನಾಲ್ಕನೆಯದು.

ಆಯ್ಕೆಯನ್ನು ಮೊದಲೇ ಹೇಳುವುದಾದರೆ, ಬೆಳೆದ ಹಸು, ಎತ್ತು, ಎಮ್ಮೆಗೆ ಎರಡು ಅಳತೆಯ ಸೂತ್ರ ಸಾಕು. ಮೇಕೆಗೆ ನೇತುಹಾಕುವ ತಕ್ಕಡಿಯೇ ಬೇಕು, ಟೇಪು ಅಲ್ಲಿ ಎರಡನೆಯ ಆಯ್ಕೆ. ಅಚ್ಚಿನ ಟೇಪು ಎಚ್‌ಎಫ್ ಮೈಕಟ್ಟಿನ ಹಸುವಿಗೆ ಮಾತ್ರ ಹೊಂದುತ್ತದೆ. ಕಣ್ಣಳತೆಯನ್ನು ಔಷಧದ ಲೆಕ್ಕಕ್ಕೆ ಇಟ್ಟುಕೊಳ್ಳಲೇಬಾರದು. ಹೀಗೆ ಹೇಳುವುದಕ್ಕೆ ಕಾರಣಗಳು ಮುಂದಿವೆ.

ಕಣ್ಣಳತೆ ಎಲ್ಲಿ ಕೆಡುತ್ತದೆ

ಮಿಶ್ರತಳಿ ಹಸುವೊಂದನ್ನು ನೋಡಿ "ಮುನ್ನೂರು ಕೆಜಿ ಇರಬಹುದು" ಎನ್ನುತ್ತೇವೆ. ಅಳೆದರೆ ನಾನೂರು ದಾಟಿರುತ್ತದೆ. ಸೊಂಟದ ಮೂಳೆ ಎದ್ದು ಕಾಣುವ ಹಸು ಕಣ್ಣಿಗೆ ಹಗುರ ಎನಿಸುತ್ತದೆ. ಆದರೆ ಅದರ ಎತ್ತರ, ಎದೆಯ ಆಳ, ಮೂಳೆಯ ದಪ್ಪ ಎಲ್ಲದರಲ್ಲೂ ತೂಕ ಕೂತಿರುತ್ತದೆ.

ಈ ನೂರು ಕೆಜಿಯ ತಪ್ಪು ಔಷಧದಲ್ಲಿ ಏನಾಗುತ್ತದೆ ಎಂದು ನೋಡೋಣ. ಆಲ್ಬೆಂಡಜೋಲ್ ದ್ರಾವಣವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ದನಕ್ಕೆ ದುಂಡು ಜಂತಿಗಾಗಿ ಕೊಡುವ ಪ್ರಮಾಣ ಕೆಜಿಗೆ 7.5 ಮಿಲಿಗ್ರಾಂ. ಬಾಟಲಿಯ ಮೇಲೆ 2.5% ಎಂದಿದ್ದರೆ ಒಂದು ಮಿ.ಲೀ.ನಲ್ಲಿ 25 ಮಿಲಿಗ್ರಾಂ ಔಷಧ ಇದೆ ಎಂದರ್ಥ. ಹಾಗಾಗಿ 100 ಕೆಜಿಗೆ 30 ಮಿ.ಲೀ. ಬೇಕು. ಹಸು 406 ಕೆಜಿ ಇದ್ದರೆ 122 ಮಿ.ಲೀ. ಆಗುತ್ತದೆ. 300 ಎಂದು ಅಂದಾಜಿಸಿದವರು 90 ಮಿ.ಲೀ. ಕುಡಿಸುತ್ತಾರೆ. ಆಗ ಹಸುವಿಗೆ ಸಿಕ್ಕಿದ್ದು ಕೆಜಿಗೆ ಐದೂವರೆ ಮಿಲಿಗ್ರಾಂ ಮಾತ್ರ. ಔಷಧಕ್ಕೆ ಸುಲಭವಾಗಿ ಬಗ್ಗುವ ಹುಳು ಸಾಯುತ್ತವೆ, ಸ್ವಲ್ಪ ಗಟ್ಟಿ ಹುಳು ಉಳಿಯುತ್ತವೆ. ಉಳಿದವುಗಳ ಮೊಟ್ಟೆಯೇ ಸಗಣಿಯ ಮೂಲಕ ಹುಲ್ಲುಗಾವಲಿಗೆ ಬೀಳುತ್ತದೆ. ಇದೇ ಕ್ರಮ ವರ್ಷ ವರ್ಷ ನಡೆದರೆ ಆ ಕೊಟ್ಟಿಗೆಯಲ್ಲಿ ಅದೇ ಔಷಧ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಕಂಪನಿ ಬದಲಿಸಿದರೆ ಪ್ರಯೋಜನವಿಲ್ಲ, ಬಾಟಲಿಯ ಹೆಸರು ಬೇರೆಯಾದರೂ ಒಳಗಿರುವ ಔಷಧ ಅದೇ.

ಗುಳಿಗೆಯಲ್ಲೂ ಇದೇ ಕಥೆ. 1.5 ಗ್ರಾಂ ಆಲ್ಬೆಂಡಜೋಲ್ ಗುಳಿಗೆ ಒಂದು 200 ಕೆಜಿಗೆ ಲೆಕ್ಕ. "ದೊಡ್ಡ ದನಕ್ಕೆ ಒಂದು, ಕರುವಿಗೆ ಅರ್ಧ" ಎಂಬ ರೂಢಿಯಲ್ಲಿ ನಾನೂರು ಕೆಜಿಯ ಹಸುವಿಗೆ ಅರ್ಧ ಪ್ರಮಾಣವಷ್ಟೇ ಹೋಗುತ್ತದೆ.

ಎರಡು ಅಳತೆಯ ಸೂತ್ರ

ದೊಡ್ಡ ದನಕ್ಕೆ ನಾವು ಹೇಳುವ ದಾರಿ ಇದು. ಇಂಚಿನಲ್ಲಿ ಅಳೆದರೆ ಸೂತ್ರ ಹೀಗಿದೆ:

ತೂಕ (ಕೆಜಿ) = ಎದೆಸುತ್ತಳತೆ × ಎದೆಸುತ್ತಳತೆ × ಉದ್ದ ÷ 660

ಸೆಂಟಿಮೀಟರಿನಲ್ಲಿ ಅಳೆದರೆ 660ರ ಜಾಗದಲ್ಲಿ 10840 ಹಾಕಬೇಕು. ಒಂದು ಅಳತೆ ಇಂಚಿನಲ್ಲಿ, ಇನ್ನೊಂದು ಸೆಂಟಿಮೀಟರಿನಲ್ಲಿ ಆಗಬಾರದು. ದರ್ಜಿ ಟೇಪಿನ ಎರಡು ಮಗ್ಗುಲಲ್ಲಿ ಎರಡು ಬಗೆಯ ಗೆರೆ ಇರುವುದರಿಂದ ಟೇಪು ತಿರುವಿಕೊಂಡಾಗ ಹೀಗಾಗುವುದುಂಟು.

ಸಾಮಾನ್ಯ ದರ್ಜಿ ಟೇಪು 60 ಇಂಚು ಉದ್ದ, ಅಂದರೆ 150 ಸೆಂಟಿಮೀಟರ್. ಮಿಶ್ರತಳಿ ಹಸುವಿನ ಎದೆ ಅದಕ್ಕಿಂತ ಹೆಚ್ಚೇ ಬರುತ್ತದೆ. 120 ಇಂಚಿನ ಟೇಪು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಿಗ್ಗದ ಹುರಿಯಲ್ಲಿ ಸುತ್ತು ತೆಗೆದು, ಗುರುತು ಹಾಕಿ, ನೆಲದ ಮೇಲೆ ನೇರ ಮಾಡಿ ಅಳೆಯಬಹುದು. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಅದು ಬೇಡ. ಹಳೆಯ ಬಟ್ಟೆಯ ಟೇಪು ಕೂಡ ವರ್ಷಗಟ್ಟಲೆ ಎಳೆದೆಳೆದು ಉದ್ದವಾಗಿರುತ್ತದೆ. ಅಂಥ ಟೇಪು ಸುತ್ತಳತೆಯನ್ನು ಕಡಿಮೆ ತೋರಿಸುತ್ತದೆ. ಉಕ್ಕಿನ ಟೇಪಿನ ಪಕ್ಕದಲ್ಲಿ ಹಿಡಿದು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಅಳೆಯುವ ಹೊತ್ತು ಬೆಳಗ್ಗೆ, ಮೇವು ನೀರು ಕೊಡುವ ಮುಂಚೆ. ಕೊಟ್ಟಿಗೆಯ ನೆಲ ಗಂಜಲ ಹರಿಯಲೆಂದು ಇಳಿಜಾರಾಗಿರುತ್ತದೆ, ಅಲ್ಲಿ ನಿಂತ ಹಸುವಿನ ಭಾರ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಹೊರಗೆ ಸಮತಟ್ಟಾದ ಜಾಗಕ್ಕೆ ಹಿಡಿದು ತನ್ನಿ. ನಾಲ್ಕೂ ಕಾಲು ಚೌಕಾಕಾರವಾಗಿ ನೆಲದ ಮೇಲೆ ಇರಬೇಕು. ತಲೆ ಬಗ್ಗಿಸಿ ಮೇಯುತ್ತಿದ್ದರೆ ಅಳತೆ ಬದಲಾಗುತ್ತದೆ, ಅದಕ್ಕೆ ಒಬ್ಬರು ಮೂಗುದಾರ ಹಿಡಿದು ತಲೆಯನ್ನು ಬೆನ್ನಿನ ಮಟ್ಟಕ್ಕೆ ನಿಲ್ಲಿಸಿಕೊಳ್ಳಲಿ.

ಎದೆಸುತ್ತಳತೆಗೆ ಟೇಪು ಮುಂಗಾಲಿನ ಮೊಣಕೈಗೆ ಒತ್ತಿಕೊಂಡಂತೆ ಹಿಂದಿನಿಂದ ಹಾದು ಬರಬೇಕು. ಮೇಲೆ ಬೆನ್ನಿನಲ್ಲಿ ಭುಜದ ಹಿಂದಿನ ತಗ್ಗಿನ ಮೇಲೆ ಕೂರಬೇಕು. ಟೇಪು ನೆಟ್ಟಗೆ ಕೆಳಗಿಳಿಯಬೇಕು, ಓರೆಯಾದರೆ ಸುತ್ತು ಹೆಚ್ಚು ಬರುತ್ತದೆ. ಚರ್ಮಕ್ಕೆ ಅಂಟಿಕೊಳ್ಳುವಷ್ಟು ಎಳೆದರೆ ಸಾಕು, ಮಾಂಸಕ್ಕೆ ಇಳಿಯುವಷ್ಟು ಬೇಡ. ಹಸು ಉಸಿರು ಬಿಟ್ಟಾಗ ಓದಿ.

ಉದ್ದದಲ್ಲಿ ತಪ್ಪುವವರು ಹೆಚ್ಚು. ಅದು ಬೆನ್ನಿನ ಮೇಲೆ ಭುಜದಿಂದ ಬಾಲದ ಬುಡದವರೆಗಿನ ಅಳತೆಯಲ್ಲ. ಎದೆಯ ಮುಂಭಾಗದಲ್ಲಿ, ಮುಂಗಾಲು ಕುತ್ತಿಗೆಗೆ ಸೇರುವ ಕಡೆ ಕೈಗೆ ಸಿಗುವ ಭುಜದ ಮೂಳೆಯ ತುದಿಯೇ ಅದರ ಶುರು. ಬಾಲದ ಬುಡದ ಕೆಳಗೆ ಪಕ್ಕದಲ್ಲಿ ಗಂಟಿನಂತೆ ಸಿಗುವ ಪೃಷ್ಠದ ಮೂಳೆಯ ತುದಿಯವರೆಗೆ ಅಳೆಯಬೇಕು. ಟೇಪಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು ನೇರವಾಗಿ ಬಿಗಿ ಹಿಡಿಯಬೇಕು, ಹೊಟ್ಟೆಯ ಉಬ್ಬಿಗೆ ಅಂಟಿಸಿಕೊಂಡು ಹೋಗಬಾರದು. ಎರಡು ಅಳತೆಯನ್ನೂ ಮೂರು ಸಲ ತೆಗೆದು ನಡುವಿನದನ್ನು ಬರೆದುಕೊಳ್ಳಿ. ಮೂರರ ನಡುವೆ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಸು ಅಲುಗಾಡಿದೆ ಎಂದೇ ತಿಳಿದು ಮತ್ತೆ ಅಳೆಯಬೇಕು.

ಮೇಲೆ ಹೇಳಿದ ಹಸುವಿನ ಲೆಕ್ಕವನ್ನೇ ಮಾಡೋಣ. ಎದೆಸುತ್ತಳತೆ 68 ಇಂಚು, ಉದ್ದ 58 ಇಂಚು. 68 × 68 = 4624. ಅದನ್ನು 58ರಿಂದ ಗುಣಿಸಿದರೆ 2,68,192. 660ರಿಂದ ಭಾಗಿಸಿದರೆ 406 ಕೆಜಿ.

ಇದೇ ಹಸುವಿನ ಉದ್ದವನ್ನು ಬೆನ್ನಿನ ಮೇಲೆ ಅಳೆದು 52 ಇಂಚು ಎಂದು ಹಾಕಿದರೆ ಸೂತ್ರ 364 ಕೆಜಿ ಎನ್ನುತ್ತದೆ. ಟೇಪನ್ನು ಎದೆಯ ಬದಲು ಹೊಟ್ಟೆಯ ಮೇಲೆ ಸುತ್ತಿ 82 ಇಂಚು ಬಂತು ಎಂದುಕೊಳ್ಳಿ, ಆಗ 591 ಕೆಜಿ. ಸೂತ್ರ ತನ್ನ ಪಾಡಿಗೆ ಗುಣಿಸುತ್ತದೆ, ಟೇಪು ಎಲ್ಲಿ ಕೂತಿತ್ತು ಎಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕಣ್ಣಳತೆಗೂ ಸೂತ್ರಕ್ಕೂ ತೀರಾ ಅಂತರ ಬಂದಾಗ ಔಷಧ ಕೊಡುವ ಮುಂಚೆ ಮತ್ತೊಮ್ಮೆ ಅಳೆಯುವುದು ಕ್ಷೇಮ. ಕಣ್ಣಳತೆಗೆ ಇರುವ ಉಪಯೋಗ ಇಷ್ಟೇ.

ಸುತ್ತಳತೆ ಎರಡು ಸಲ ಗುಣಿಸಲ್ಪಡುವುದರಿಂದ ಅದರಲ್ಲಿನ ತಪ್ಪು ಇಮ್ಮಡಿಯಾಗುತ್ತದೆ. 68ರ ಬದಲು 69 ಎಂದು ಓದಿದರೆ ಹಸು 12 ಕೆಜಿ ಹೆಚ್ಚು ತೂಗುತ್ತದೆ. ಉದ್ದದಲ್ಲಿ ಒಂದು ಇಂಚು ತಪ್ಪಿದರೆ 7 ಕೆಜಿ. ಆದ್ದರಿಂದ ಎದೆಯ ಅಳತೆಗೆ ಹೆಚ್ಚು ಜೋಪಾನ ಬೇಕು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಫಲಿತಾಂಶವನ್ನು ಹತ್ತು ಪರ್ಸೆಂಟ್ ಆಚೀಚೆ ಇಟ್ಟುಕೊಂಡೇ ನೋಡಬೇಕು.

ಅಚ್ಚಿನ ಟೇಪು ಮತ್ತು ಹಳ್ಳಿಕಾರ್ ಎತ್ತು

ಕೆಜಿ ಅಚ್ಚಾದ ಟೇಪಿನ ಅನುಕೂಲ ಎದ್ದು ಕಾಣುತ್ತದೆ. ಒಂದೇ ಅಳತೆ ಸಾಕು, ಗುಣಾಕಾರ ಬೇಡ, ಒಬ್ಬರೇ ಮಾಡಬಹುದು. ಅದರ ಮಿತಿಯೂ ಅಲ್ಲೇ ಇದೆ. ಇಂತಿಷ್ಟು ಎದೆಸುತ್ತಳತೆಗೆ ಇಂತಿಷ್ಟು ತೂಕ ಎಂದು ಅಚ್ಚು ಹಾಕುವಾಗ ಒಂದು ತಳಿಯ ಮೈಕಟ್ಟನ್ನು ಆಧಾರವಾಗಿ ಹಿಡಿದಿರುತ್ತಾರೆ, ಹೆಚ್ಚಾಗಿ ಎಚ್‌ಎಫ್‌ನಂಥ ಹಾಲಿನ ತಳಿಯನ್ನು. ನಮ್ಮ ಮಿಶ್ರತಳಿ ಹಸುಗಳಿಗೆ ಅದು ಸುಮಾರಾಗಿ ಹೊಂದುತ್ತದೆ. ಒಂದೇ ತಳಿಯ ಹತ್ತಾರು ಹಸು ಇರುವ ಕಡೆ ಸಮಯ ಉಳಿಸಲು ಅದನ್ನೇ ಬಳಸುವುದು ಸರಿ. ಮೊದಲು ನಾಲ್ಕೈದು ಹಸುವಿಗೆ ಸೂತ್ರವನ್ನೂ ಹಾಕಿ ಎರಡೂ ಎಷ್ಟು ಹತ್ತಿರ ಬರುತ್ತವೆ ಎಂದು ನೋಡಿಕೊಂಡರೆ ಧೈರ್ಯ.

ಹಳ್ಳಿಕಾರ್ ಎತ್ತಿಗೆ ಅದೇ ಟೇಪು ಸುತ್ತಿದರೆ ಲೆಕ್ಕ ಕೈಗೆ ಸಿಗುವುದಿಲ್ಲ. ಬಿಗಿಯಾದ ಮೈ, ಮುಂದೆ ಆಳವಾದ ಎದೆ, ಹಿಂದೆ ಒಳಗೆ ಸರಿದ ಹೊಟ್ಟೆ, ಮೇಲೆ ಹಿಣಿಲು. ಎದೆಸುತ್ತಳತೆ ಒಂದೇ ಇದ್ದರೂ ಇದರ ದೇಹ ಎಚ್‌ಎಫ್‌ನ ಹಾಗೆ ಹಿಂದಕ್ಕೆ ಬೆಳೆದಿರುವುದಿಲ್ಲ. ಉದ್ದವನ್ನೂ ಲೆಕ್ಕಕ್ಕೆ ತರುವ ಸೂತ್ರ ಈ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. ಟೇಪು ಹಿಣಿಲಿನ ಮೇಲೆ ಹತ್ತಬಾರದು, ಅದರ ಬೆನ್ನ ಹಿಂದೆಯೇ ಕೂರಬೇಕು. ಗಂಗೆದೊಗಲು ಕೆಳಗೆ ಟೇಪಿಗೆ ಸಿಕ್ಕಿಕೊಂಡರೆ ಅದನ್ನು ಮುಂದಕ್ಕೆ ಸರಿಸಿ. ಎತ್ತಿನ ಸುತ್ತಳತೆ 64, ಉದ್ದ 54 ಇಂಚು ಬಂದರೆ ತೂಕ 335 ಕೆಜಿ.

ಈ ಎತ್ತಿಗೆ ಉಣ್ಣೆ, ಕಜ್ಜಿಗೆಂದು ಪಶುವೈದ್ಯರು 1% ಐವರ್‌ಮೆಕ್ಟಿನ್ ಚುಚ್ಚುಮದ್ದು ಬರೆದರೆ ಲೆಕ್ಕ 50 ಕೆಜಿಗೆ ಒಂದು ಮಿ.ಲೀ., ಅಂದರೆ 6.7 ಮಿ.ಲೀ., ಚರ್ಮದ ಕೆಳಗೆ. ಇದೇ ಬಾಟಲಿಯನ್ನು ಪಕ್ಕದಲ್ಲಿ ಹಾಲು ಕೊಡುವ ಹಸುವಿಗೂ ಏರಿಸಬಾರದು, ಅದು ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ. ಆಲ್ಬೆಂಡಜೋಲ್ ಕೊಟ್ಟ ಮೇಲೂ ಲೇಬಲ್ ಹೇಳುವಷ್ಟು ದಿನ ಹಾಲು ಡೇರಿಗೆ ಹಾಕಬಾರದು. ಹೊಸದಾಗಿ ಗಬ್ಬ ಕಟ್ಟಿದ ಹಸು, ಮೇಕೆಗೆ ಅದನ್ನು ಕೊಡಲೇಬಾರದು, ಭ್ರೂಣಕ್ಕೆ ಕೆಡುಕು.

ತೂಕದ ತಪ್ಪು ಜೇಬಿಗೂ ಜೀವಕ್ಕೂ ಒಟ್ಟಿಗೆ ತಟ್ಟುವುದು ಥೈಲೇರಿಯಾ ಜ್ವರದಲ್ಲಿ. ಮಿಶ್ರತಳಿ ದನಗಳಿಗೆ ಉಣ್ಣೆಯಿಂದ ಬರುವ ಈ ಜ್ವರಕ್ಕೆ ಕೊಡುವ ಬುಪಾರ್ವಕ್ವೋನ್ ಚುಚ್ಚುಮದ್ದಿನ ಲೆಕ್ಕ 20 ಕೆಜಿಗೆ ಒಂದು ಮಿ.ಲೀ. ನಮ್ಮ 406 ಕೆಜಿಯ ಹಸುವಿಗೆ 20 ಮಿ.ಲೀ. ಬೇಕು. ಮುನ್ನೂರು ಎಂದು ಹೇಳಿದರೆ 15 ಮಿ.ಲೀ. ಹೋಗುತ್ತದೆ. ಚುಚ್ಚುವ ಕೆಲಸ ವೈದ್ಯರದೇ ಆದರೂ, ಅವರು ಬರುವಷ್ಟರಲ್ಲಿ ಎರಡು ಅಳತೆ ತೆಗೆದು ಚೀಟಿಯಲ್ಲಿ ಬರೆದಿಟ್ಟರೆ ಅವರ ಕೆಲಸ ಸರಿಯಾಗಿ ನಡೆಯುತ್ತದೆ.

ಸೂತ್ರವನ್ನು ಪರೀಕ್ಷಿಸಬೇಕು ಎನ್ನುವವರಿಗೆ ಕಬ್ಬಿನ ಸೀಮೆಯಲ್ಲಿ ಒಂದು ಅನುಕೂಲವಿದೆ, ವೇ ಬ್ರಿಡ್ಜ್ ದೂರವಿರುವುದಿಲ್ಲ. ದನವನ್ನು ಒಯ್ಯುವ ಗಾಡಿಯನ್ನು ಒಮ್ಮೆ ದನದ ಜೊತೆ, ಒಮ್ಮೆ ಖಾಲಿ ತೂಗಿಸಿ ಕಳೆದರೆ ಸಾಕು. ಹತ್ತು ಕೆಜಿಯ ಲೆಕ್ಕದಲ್ಲಿ ಓದುವ ಬ್ರಿಡ್ಜ್ ಆದರೂ ನಾನೂರು ಕೆಜಿಯ ಹಸುವಿಗೆ ಅದು ಸಣ್ಣ ತಪ್ಪು. ಮೇಕೆಯನ್ನು ಮಾತ್ರ ಅಲ್ಲಿ ತೂಗಿಸಿ ಉಪಯೋಗವಿಲ್ಲ.

ಮೇಕೆಗೆ ತಕ್ಕಡಿ ಏಕೆ

ಅದೇ ಸೂತ್ರ ಮೇಕೆಗೂ ನಡೆಯುತ್ತದೆ. ಸುತ್ತಳತೆ 28, ಉದ್ದ 26 ಇಂಚಿದ್ದರೆ 31 ಕೆಜಿ ಬರುತ್ತದೆ. ಆದರೆ ಒಂದು ಇಂಚು ತಪ್ಪಿ 29 ಎಂದರೆ 33 ಕೆಜಿ ಆಗುತ್ತದೆ, ಏಳು ಪರ್ಸೆಂಟ್ ಹೆಚ್ಚು. ಹಸುವಿನಲ್ಲಿ ಅದೇ ಒಂದು ಇಂಚು ಮೂರು ಪರ್ಸೆಂಟ್ ಮಾತ್ರ ಇತ್ತು. ಮೇಕೆ ಹಸುವಿನ ಹಾಗೆ ನಿಲ್ಲುವುದೂ ಇಲ್ಲ. ಹಿಡಿದ ಕೂಡಲೇ ಬೆನ್ನು ಬಾಗಿಸಿ ಒದ್ದಾಡುತ್ತದೆ, ಒಂದು ಇಂಚಿನ ತಪ್ಪು ಅದರಲ್ಲಿ ತೀರಾ ಸುಲಭ. ತುಂಬು ಗಬ್ಬದ ಮೇಕೆಯ ಹೊಟ್ಟೆಯೊಳಗಿನ ಮರಿಗಳ ತೂಕವೂ ಎದೆಯ ಟೇಪಿಗೆ ಸಿಗುವುದಿಲ್ಲ.

ಹೀಗಿರುವಾಗ ಐವತ್ತು ಕೆಜಿವರೆಗೆ ತೂಗುವ, ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ಕೊಳ್ಳುವುದೇ ಮೇಲು. ಗೋಣಿಚೀಲಕ್ಕೆ ನಾಲ್ಕು ಕಾಲು ತೂರಿಸಲು ನಾಲ್ಕು ತೂತು ಮಾಡಿ, ಎರಡು ಬದಿಗೆ ಹಗ್ಗ ಕಟ್ಟಿ ತೊಲೆಗೋ ಮರದ ಕೊಂಬೆಗೋ ನೇತುಹಾಕಿದರೆ ಜೋಲಿ ಸಿದ್ಧ. ಖಾಲಿ ಚೀಲ ಹಾಕಿ ಸೊನ್ನೆಗೆ ತಂದುಕೊಳ್ಳಿ, ಮೇಕೆಯ ಕಾಲು ನೆಲ ಮುಟ್ಟದಂತೆ ಎತ್ತಿ, ಅದು ಒದ್ದಾಟ ನಿಲ್ಲಿಸಿದ ಕ್ಷಣ ಓದಿ. ಗಬ್ಬದ ಮೇಕೆಯನ್ನು ಜೋಲಿಯಲ್ಲಿ ನೇತುಹಾಕಬಾರದು. ಅದನ್ನು ನೆಲದ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಬೇಕು. ಸಣ್ಣ ಮರಿಯನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ನಂತರ ನಮ್ಮ ತೂಕ ಕಳೆದರೂ ಆಗುತ್ತದೆ. ಬನ್ನೂರು ಕುರಿಗೂ ಈ ತಕ್ಕಡಿಯೇ ಸರಿ, ಅದರ ಗಿಡ್ಡ ದುಂಡು ಮೈಗೆ ಮೇಕೆಯ ಅಂದಾಜು ಹೊಂದುವುದಿಲ್ಲ.

ಮೇಕೆಯಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಜಂತುನಾಶಕವನ್ನು ಮೇಕೆಯ ದೇಹ ದನಕ್ಕಿಂತ, ಕುರಿಗಿಂತ ಬೇಗ ಹೊರಹಾಕುತ್ತದೆ. ಅದಕ್ಕೇ ಅದೇ ಔಷಧ ಕೆಜಿಗೆ ಹೆಚ್ಚು ಬೇಕಾಗುತ್ತದೆ. ದನದ ಲೆಕ್ಕವನ್ನೇ ಕಡಿಮೆ ಮಾಡಿ ಮೇಕೆಗೆ ಕೊಡುವುದು ತಪ್ಪು. ವೈದ್ಯರು ಆಲ್ಬೆಂಡಜೋಲ್ ಕೆಜಿಗೆ 10 ಮಿಲಿಗ್ರಾಂ ಹೇಳಿದರು ಎಂದುಕೊಳ್ಳಿ. 31 ಕೆಜಿಯ ಮೇಕೆಗೆ 310 ಮಿಲಿಗ್ರಾಂ, 2.5% ದ್ರಾವಣದಲ್ಲಿ 12.4 ಮಿ.ಲೀ. ಆದರೆ ಅಂಗಡಿಯಲ್ಲಿ 10% ದ್ರಾವಣವೂ ಸಿಗುತ್ತದೆ, ಅದರಲ್ಲಿ ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಅದಾದರೆ 3.1 ಮಿ.ಲೀ. ಸಾಕು. ಪರ್ಸೆಂಟನ್ನು ಹತ್ತರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿರುವ ಮಿಲಿಗ್ರಾಂ ಸಿಗುತ್ತದೆ. ಬಾಟಲಿ ಬದಲಾದಾಗಲೆಲ್ಲ ಈ ಲೆಕ್ಕ ಮತ್ತೆ ಮಾಡಬೇಕು. ತೂಕ ಸರಿಯಾಗಿ ತೆಗೆದು ಇಲ್ಲಿ ತಪ್ಪಿದರೆ ನಾಲ್ಕು ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ.

ಬಿದಿರಿನ ಗೊಟ್ಟದಲ್ಲಿ ಹನ್ನೆರಡು ಮಿ.ಲೀ. ಅಳೆಯಲಾಗುವುದಿಲ್ಲ, ಸುತ್ತ ಅಂಟಿಕೊಂಡೂ ಉಳಿಯುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ, ಬಾಟಲಿಯನ್ನು ಚೆನ್ನಾಗಿ ಕುಲುಕಿದ ಮೇಲೆ ಎಳೆದು, ಬಾಯಿಯ ಪಕ್ಕದಿಂದ ನಾಲಿಗೆಯ ಬುಡದ ಕಡೆಗೆ ನಿಧಾನವಾಗಿ ಬಿಡಿ. ಕುಲುಕದಿದ್ದರೆ ಔಷಧ ತಳದಲ್ಲಿ ಕೂತಿರುತ್ತದೆ. ಮೊದಲ ಮೇಕೆಗಳಿಗೆ ನೀರು, ಕೊನೆಯವಕ್ಕೆ ಗಟ್ಟಿ ಔಷಧ ಹೋಗುತ್ತದೆ. ತಲೆಯನ್ನು ಆಕಾಶಕ್ಕೆ ಎತ್ತಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಿಂಡಿಗೆ ಸರಾಸರಿ ತೂಕದ ಲೆಕ್ಕದಲ್ಲಿ ಕೊಡುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಎಂಟು ಮೇಕೆ ಇವೆ, ತೂಕ 14, 16, 17, 20, 27, 30, 33, 38 ಕೆಜಿ. ಸರಾಸರಿ 24 ಚಿಲ್ಲರೆ. ಎಲ್ಲಕ್ಕೂ ಆ ಸರಾಸರಿಯಂತೆ 244 ಮಿಲಿಗ್ರಾಂ ಕೊಟ್ಟರೆ 38 ಕೆಜಿಯ ಹೋತಕ್ಕೆ ಕೆಜಿಗೆ 6.4 ಮಿಲಿಗ್ರಾಂ ಸಿಗುತ್ತದೆ, 14 ಕೆಜಿಯ ಮರಿಗೆ 17 ಮಿಲಿಗ್ರಾಂ. ಅಂದರೆ ದೊಡ್ಡ ನಾಲ್ಕಕ್ಕೂ ಔಷಧ ಸಾಲಲಿಲ್ಲ. ಒಂದೊಂದನ್ನೂ ತೂಗಲು ಆಗದಿದ್ದರೆ 20 ಕೆಜಿವರೆಗಿನವು, ಅದಕ್ಕಿಂತ ಮೇಲಿನವು ಎಂದು ಎರಡು ಗುಂಪು ಮಾಡಿ, ಆಯಾ ಗುಂಪಿನ ಅತಿ ಭಾರದ ಮೇಕೆಯ ಲೆಕ್ಕದಲ್ಲಿ ಕೊಡಬೇಕು. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಇಷ್ಟು ಹೆಚ್ಚಾದರೆ ಮೇಕೆಗೆ ತೊಂದರೆಯಿಲ್ಲ.

ಲೆವಮಿಸೋಲ್, ಕ್ಲೋಸಾಂಟೆಲ್ ಬಾಟಲಿ ಕೈಗೆ ಬಂದಾಗ ಈ ಗುಂಪಿನ ಲೆಕ್ಕ ನಡೆಯುವುದಿಲ್ಲ. ಲೆವಮಿಸೋಲ್ ಹೆಚ್ಚಾದರೆ ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ಸುರಿಯುವುದು, ನಡುಕ, ಚಡಪಡಿಕೆ ಶುರುವಾಗುತ್ತದೆ. ಕ್ಲೋಸಾಂಟೆಲ್ ಹೆಚ್ಚಾದದ್ದು ಅಂದೇ ತಿಳಿಯುವುದಿಲ್ಲ. ಕೆಲವು ದಿನ ಕಳೆದ ಮೇಲೆ ಕಣ್ಣಿನ ಪಾಪೆ ಅಗಲವಾಗಿ, ಮೇಕೆ ಗೋಡೆಗೆ ಡಿಕ್ಕಿ ಹೊಡೆಯತೊಡಗುತ್ತದೆ. ಹೋದ ದೃಷ್ಟಿ ಬಹಳಷ್ಟು ಸಲ ಮರಳುವುದಿಲ್ಲ. ಈ ಎರಡಕ್ಕೆ ಪ್ರತಿ ಮೇಕೆಯನ್ನೂ ತಕ್ಕಡಿಗೆ ಹಾಕಿಯೇ ಕೊಡಬೇಕು, ಟೇಪಿನ ಅಂದಾಜೂ ಸಾಲದು, "ಇರಲಿ ಸ್ವಲ್ಪ ಹೆಚ್ಚು" ಎಂಬುದಂತೂ ಬೇಡವೇ ಬೇಡ.

ದನಕ್ಕೆ ಟೇಪು ಹಿಡಿಯುವಾಗಲೂ ಇದೇ ಮಾತು ಅನ್ವಯಿಸುತ್ತದೆ. ಆಲ್ಬೆಂಡಜೋಲ್‌ನಲ್ಲಿ 122 ಬಂದರೆ 125ಕ್ಕೆ ಏರಿಸಿ. ಸುರಕ್ಷತೆಯ ಅಂತರ ಕಿರಿದಾದ ಔಷಧದಲ್ಲಿ ಬಂದ ಲೆಕ್ಕಕ್ಕಿಂತ ಮೇಲೆ ಹೋಗಬೇಡಿ. ಸಣ್ಣ ಕರು, ತೀರಾ ಬಡಕಲಾದ ದನ, ತುಂಬು ಗಬ್ಬದ ಹಸು, ಈ ಮೂರರಲ್ಲಿ ಸೂತ್ರ ಹೆಚ್ಚು ತಪ್ಪುತ್ತದೆ. ಅಲ್ಲಿ ಅಳತೆಯನ್ನು ವೈದ್ಯರಿಗೆ ತಿಳಿಸಿ, ಪ್ರಮಾಣವನ್ನು ಅವರಿಂದಲೇ ಬರೆಸಿಕೊಳ್ಳಿ. ಕರು ಬೆಳೆಯುವ ಕಾಲದಲ್ಲಿ ಹಿಂದಿನ ಸಲದ ಅಳತೆ ಈ ಸಲಕ್ಕೆ ಬರುವುದಿಲ್ಲ, ಪ್ರತಿ ಸಲವೂ ಟೇಪು ಹಿಡಿಯಬೇಕು.